ಟೋಪೋಶೀಟ್‌ನ ಕುಂಟೆ ಇನ್ನೂರು ಮೀಟರ್ ಆಚೆ ಸಿಕ್ಕ ಕಥೆ

ದೊಡ್ಡಬಳ್ಳಾಪುರದಿಂದ ನಂದಿ ಬೆಟ್ಟದ ಕಡೆಗಿರುವ ಊರುಗಳಲ್ಲಿ ಹಳೆಯ ಕುಂಟೆ, ಗೋಕಟ್ಟೆಗಳ ಪಟ್ಟಿ ಮಾಡಲು ನಾವು ಮೂವರು ಗೆಳೆಯರು ಹೊರಟಿದ್ದೆವು. ಕೈಯಲ್ಲಿದ್ದದ್ದು ಸರ್ವೆ ಆಫ್ ಇಂಡಿಯಾದ ಹಳೆಯ ಸರಣಿಯ 57 G/11 ಟೋಪೋಶೀಟ್, 1:50,000 ಅಳತೆಯದು. ಆ ಹಾಳೆಯಲ್ಲಿ ನೀಲಿ ಬಣ್ಣದಲ್ಲಿ ಕಾಣುವ ಎಷ್ಟೋ ಕುಂಟೆಗಳು ಇವತ್ತು ಹೂಳು ತುಂಬಿ ಹೊಲದ ಹಾಗೇ ಕಾಣುತ್ತವೆ. ಅದಕ್ಕೇ ಮನೆಯಲ್ಲಿ ಕುಳಿತು ಸ್ಕೇಲಿನಿಂದ ಅಕ್ಷಾಂಶ ರೇಖಾಂಶ ಅಳೆದು, ಫೋನಿಗೆ ತುಂಬಿಕೊಂಡು, ಅದು ಕರೆದುಕೊಂಡು ಹೋದಲ್ಲಿ ಹುಡುಕುವುದು ಅಂತ ಲೆಕ್ಕ ಹಾಕಿದ್ದೆವು.

ಮೊದಲ ಕುಂಟೆಗೆ ಅಂತ ಹೋದರೆ ಫೋನ್ ನಮ್ಮನ್ನು ನಿಲ್ಲಿಸಿದ್ದು ರಾಗಿ ಹೊಲದ ನಡುವೆ. ಹೂಳು ತುಂಬಿದ ಕುಂಟೆಯಾದರೂ ನೆಲ ಸ್ವಲ್ಪ ತಗ್ಗಿರಬೇಕು, ಎಲ್ಲಾದರೂ ಏರಿಯ ಗುರುತು ಇರಬೇಕು. ಅಲ್ಲಿ ಎರಡೂ ಇರಲಿಲ್ಲ, ನೆಲ ಉಬ್ಬಾಗಿತ್ತು. ದನ ಹೊಡೆದುಕೊಂಡು ಬರುತ್ತಿದ್ದ ಅಜ್ಜರೊಬ್ಬರನ್ನು ಕೇಳಿದೆವು. "ಕುಂಟೆ ಇಲ್ಲೆಲ್ಲೈತೆ ಸ್ವಾಮಿ? ಅಗೋ, ಆ ಹೊಂಗೆ ಮರ ಕಾಣ್ತೈತಲ್ಲ, ಅದ್ರ ಬುಡದಾಗೆ. ಇಲ್ಲಿ ಯಾವತ್ತೂ ನೀರು ನಿಂತಿದ್ದೇ ಇಲ್ಲ" ಅಂದರು. ಹೊಂಗೆ ಮರ ನಮ್ಮಿಂದ ವಾಯವ್ಯಕ್ಕಿತ್ತು. ನಡೆದು ಹೋಗಿ ನೋಡಿದರೆ ಕಲ್ಲು ಕಟ್ಟಿದ ಏರಿಯ ಒಂದು ತುಂಡು ಇನ್ನೂ ಉಳಿದಿತ್ತು. ಫೋನಿನಲ್ಲಿ ದೂರ ನೋಡಿದೆವು: ಸುಮಾರು ಇನ್ನೂರು ಮೀಟರ್.

ಮೊದಲ ಅನುಮಾನ ಫೋನಿನ ಮೇಲೆ, ಎರಡನೆಯದು ನನ್ನ ಸ್ಕೇಲಿನ ಮೇಲೆ. ಎರಡೂ ನಿಲ್ಲಲಿಲ್ಲ. ಬಯಲಿನಲ್ಲಿ ನಿಂತ ಫೋನ್ ಐದು ಹತ್ತು ಮೀಟರ್ ತಪ್ಪಬಹುದು, ಇನ್ನೂರು ತಪ್ಪುವುದಿಲ್ಲ. 1:50,000 ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ನನ್ನ ಕಣ್ಣು ಅರ್ಧ ಮಿಲಿಮೀಟರ್ ತಪ್ಪಿದ್ದರೆ 25 ಮೀಟರ್ ಹೋಗುತ್ತದೆ. ಇನ್ನೂರು ಮೀಟರ್ ಹೋಗಬೇಕಾದರೆ ನಾನು ಸ್ಕೇಲನ್ನು ನಾಲ್ಕು ಮಿಲಿಮೀಟರ್ ಆಚೆ ಇಟ್ಟಿರಬೇಕು. ನನಗೆ ಕನ್ನಡಕ ಇದೆ ನಿಜ, ಅಷ್ಟು ಕುರುಡು ಬಂದಿಲ್ಲ.

ಗುಟ್ಟು ಗೊತ್ತಾಗಿದ್ದು ಎರಡನೇ, ಮೂರನೇ ಕುಂಟೆಯಲ್ಲಿ. ಅವೂ ತಪ್ಪಿದವು. ತಪ್ಪಿದ್ದಕ್ಕಿಂತ ಹೆಚ್ಚಾಗಿ ಗಮನ ಸೆಳೆದದ್ದು, ಪ್ರತಿ ಸಲವೂ ನಿಜವಾದ ಜಾಗ ವಾಯವ್ಯಕ್ಕೇ ಇತ್ತು, ದೂರವೂ ಹೆಚ್ಚುಕಡಿಮೆ ಅಷ್ಟೇ. ಓದುವಾಗ ಆಗುವ ತಪ್ಪು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬೀಳುತ್ತದೆ. ಹತ್ತೂ ಚುಕ್ಕೆಗಳು ಒಂದೇ ದಿಕ್ಕಿಗೆ, ಒಂದೇ ದೂರಕ್ಕೆ ಸರಿದಿದ್ದರೆ ಅಳೆದ ಕೈಯನ್ನು ಬಿಟ್ಟು ಅಳತೆಯ ಬುಡವನ್ನೇ ಹುಡುಕಬೇಕು. ಆ ಬುಡಕ್ಕೆ ಇರುವ ಹೆಸರು ಡೇಟಮ್.

ಅಕ್ಷಾಂಶ ರೇಖಾಂಶ ಅನ್ನುವುದು ನೆಲದ ಮೇಲೆ ಕೆತ್ತಿರುವ ಸಂಖ್ಯೆಯಲ್ಲ. ಭೂಮಿಗೆ ಬದಲಾಗಿ ಧ್ರುವಗಳ ಕಡೆ ತುಸು ಚಪ್ಪಟೆಯಾದ ಒಂದು ನುಣುಪು ಗೋಳವನ್ನು, ಅಂದರೆ ಎಲಿಪ್ಸಾಯ್ಡನ್ನು ಕಲ್ಪಿಸಿಕೊಂಡು, ಅದನ್ನು ಭೂಮಿಗೆ ಇಂಥಲ್ಲಿ ಇಂಥ ಹಾಗೆ ಕೂರಿಸಿದೆ ಎಂದು ನಿರ್ಧರಿಸಿದ ಮೇಲೆ ಆ ಗೋಳದ ಮೇಲೆ ಓದುವ ಕೋನಗಳು ಅವು. ಗೋಳದ ಗಾತ್ರ ಬದಲಾದರೆ ಅಥವಾ ಕೂರಿಸಿದ ಜಾಗ ಬದಲಾದರೆ ಅದೇ ಹೊಂಗೆ ಮರಕ್ಕೆ ಬೇರೆ ಸಂಖ್ಯೆ ಬರುತ್ತದೆ. ಮರ ಅಲ್ಲಾಡಿರುವುದಿಲ್ಲ.

ಫೋನು, ಜಿಪಿಎಸ್, ಇವತ್ತಿನ ಇಂಟರ್ನೆಟ್ ನಕ್ಷೆಗಳು ಬಳಸುವುದು ಡಬ್ಲ್ಯೂಜಿಎಸ್ 84 ಎಂಬ ಜಾಗತಿಕ ಡೇಟಮ್. ಅದರ ಕೇಂದ್ರ ಭೂಮಿಯ ದ್ರವ್ಯರಾಶಿಯ ಕೇಂದ್ರದಲ್ಲೇ ಇದೆ. ಉಪಗ್ರಹಗಳು ಸುತ್ತುವುದೇ ಆ ಕೇಂದ್ರವನ್ನು, ಹಾಗಾಗಿ ಬೇರೆ ಆಯ್ಕೆಯೂ ಇರಲಿಲ್ಲ. ಅದರ ಸಮಭಾಜಕ ತ್ರಿಜ್ಯ 6378137 ಮೀಟರ್.

ನಮ್ಮ ಹಳೆಯ ಟೋಪೋಶೀಟ್ ನಿಂತಿರುವುದು ಎವರೆಸ್ಟ್ ಎಲಿಪ್ಸಾಯ್ಡ್ ಮೇಲೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆದು ಶುರು ಮಾಡಿದ ತ್ರಿಕೋನ ಸರ್ವೆಯನ್ನು ಜಾರ್ಜ್ ಎವರೆಸ್ಟ್ ಮುಂದುವರಿಸಿದರು. ಮದ್ರಾಸಿನ ಅಳತೆಗೂ ಎರಡು ವರ್ಷ ಮೊದಲು ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಒಂದು ಆಧಾರರೇಖೆ ಅಳೆದಿದ್ದರು, ಆದ್ದರಿಂದ ಈ ಕಥೆಯ ಒಂದು ತುದಿ ನಮ್ಮೂರಲ್ಲೂ ಇದೆ. ಆ ಸರ್ವೆಯ ಅಳತೆಗಳಿಂದ ಹೊರಟ 1830ರ ಎಲಿಪ್ಸಾಯ್ಡ್ ಅದು. ಉಪಗ್ರಹ ಇಲ್ಲದ ಕಾಲದಲ್ಲಿ ಭೂಮಿಯ ಕೇಂದ್ರ ಎಲ್ಲಿದೆ ಅಂತ ನೋಡಿ ಬರುವವರು ಯಾರು? ಅದಕ್ಕೇ ಮಧ್ಯ ಭಾರತದ ಕಲ್ಯಾಣಪುರ ಎಂಬಲ್ಲಿ ಒಂದು ಮೂಲಬಿಂದು ಇಟ್ಟುಕೊಂಡು, ನಕ್ಷತ್ರ ನೋಡಿ ಅದರ ಅಕ್ಷಾಂಶ ಗೊತ್ತು ಮಾಡಿ, ಅಲ್ಲಿ ಗೋಳದ ಮೈ ನೆಲಕ್ಕೆ ಹೊಂದುವ ಹಾಗೆ ಕೂರಿಸಿ, ಉಳಿದೆಲ್ಲವನ್ನೂ ಅಲ್ಲಿಂದ ತ್ರಿಕೋನಗಳಲ್ಲಿ ಕಟ್ಟಿಕೊಂಡು ಬಂದರು. ಇಂಗ್ಲಿಷಿನಲ್ಲಿ ಕಾಲಿಯಾನ್‌ಪುರ್ ಅಂತ ಬರೆಯುವ ಡೇಟಮ್ ಇದೇ.

ಇಲ್ಲಿ ಒಂದು ಲೆಕ್ಕ ಬಹಳ ಚೆಂದ ಇದೆ, ನಿಧಾನವಾಗಿ ನೋಡೋಣ. ಭಾರತಕ್ಕೆ ಬಳಸುವ ಎವರೆಸ್ಟ್ ಎಲಿಪ್ಸಾಯ್ಡ್‌ನ ತ್ರಿಜ್ಯ 6377301.243 ಮೀಟರ್. ಅಂದರೆ ಜಾಗತಿಕ ಗೋಳಕ್ಕಿಂತ 836 ಮೀಟರ್ ಚಿಕ್ಕದು. ಇನ್ನು ಭಾರತ ಮತ್ತು ನೇಪಾಳಕ್ಕೆ ಅಂತ ಪ್ರಕಟವಾಗಿರುವ ಪರಿವರ್ತನೆಯ ಮೂರು ಸಂಖ್ಯೆಗಳು 295, 736, 257. ಭೂಮಿಯ ಕೇಂದ್ರದಿಂದ ಎವರೆಸ್ಟ್ ಗೋಳದ ಕೇಂದ್ರ ಮೂರು ಅಕ್ಷಗಳಲ್ಲಿ ಎಷ್ಟೆಷ್ಟು ಮೀಟರ್ ಸರಿದಿದೆ ಎನ್ನುವುದೇ ಅವು. ಮೂರನ್ನೂ ಸೇರಿಸಿ ನೇರ ದೂರ ತೆಗೆದರೆ 834 ಮೀಟರ್ ಬರುತ್ತದೆ. ಯಾವ ದಿಕ್ಕಿಗೆ ಅಂತ ನೋಡಿದರೆ ಸುಮಾರು 18 ಡಿಗ್ರಿ ಉತ್ತರ, 68 ಡಿಗ್ರಿ ಪೂರ್ವ, ಅಂದರೆ ಕೊಂಕಣ ಕರಾವಳಿಯಾಚೆಯ ಅರಬ್ಬಿ ಸಮುದ್ರದ ಕಡೆಗೆ. ಗೋಳ 836 ಮೀಟರ್ ಚಿಕ್ಕದು, ಕೇಂದ್ರ 834 ಮೀಟರ್ ನಮ್ಮ ಕಡೆಗೆ ಸರಿದಿದೆ. ಚಿಕ್ಕ ಗೋಳವನ್ನು ಅಷ್ಟು ಈಚೆಗೆ ತಳ್ಳಿ, ನಮ್ಮ ನೆಲಕ್ಕೆ ಅದರ ಮೈ ತಾಗುವಂತೆ ಮಾಡಿದ್ದಾರೆ. ಭಾರತಕ್ಕೆ ಇದು ಚೆನ್ನಾಗಿಯೇ ಹೊಂದುತ್ತದೆ. ಭೂಮಿಯ ಆ ಬದಿಯಲ್ಲಿ ಮಾತ್ರ ಇದೇ ಗೋಳದ ಮೈ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಒಳಗಿರುತ್ತದೆ. ಅದು ಅವರಿಗೆ ತಲೆನೋವಾಗಲಿಲ್ಲ, ಅವರು ಅಲ್ಲಿ ನಕ್ಷೆ ಮಾಡುತ್ತಿರಲಿಲ್ಲ.

ಹಾಗಾದರೆ ನಮ್ಮ ಕುಂಟೆ ಪಕ್ಕಕ್ಕೆ ಏಕೆ ಸರಿಯಿತು? ಎದುರಿಗೆ ಎರಡು ದೀಪದ ಕಂಬಗಳಿವೆ ಅಂದುಕೊಳ್ಳಿ. ಒಂದರ ಕಡೆಗೆ ನೇರವಾಗಿ ನಡೆದು ಹೋದಷ್ಟೂ, ಎರಡರ ನಡುವಿನ ಕೋನ ಅಗಲವಾಗುತ್ತಾ ಹೋಗುತ್ತದೆ. ಎವರೆಸ್ಟ್ ಗೋಳದ ಕೇಂದ್ರ 68 ಡಿಗ್ರಿ ರೇಖಾಂಶದ ಕಡೆಗೆ ಸರಿದು ನಿಂತಿದೆ. ಅಲ್ಲಿಂದ ನೋಡಿದರೆ 77.6 ಡಿಗ್ರಿಯಲ್ಲಿರುವ ನಮ್ಮ ಕುಂಟೆ ಇನ್ನೂ ಸ್ವಲ್ಪ ಪೂರ್ವಕ್ಕೆ ಕಾಣುತ್ತದೆ, ಅಂದರೆ ರೇಖಾಂಶದ ಸಂಖ್ಯೆ ಹೆಚ್ಚು. ಹಾಗೆಯೇ 18 ಡಿಗ್ರಿ ಉತ್ತರದ ಕಡೆ ಸರಿದ ಕೇಂದ್ರದಿಂದ 13 ಡಿಗ್ರಿಯ ಕುಂಟೆ ಇನ್ನೂ ದಕ್ಷಿಣಕ್ಕೆ ಕಾಣುತ್ತದೆ, ಅಂದರೆ ಅಕ್ಷಾಂಶ ಕಡಿಮೆ. ಎರಡು ಗೋಳಗಳ ಚಪ್ಪಟೆತನವೂ ಒಂದೇ ಅಲ್ಲ, ಅದು ಅಕ್ಷಾಂಶವನ್ನು ಅದೇ ದಿಕ್ಕಿಗೆ ಇನ್ನಷ್ಟು ತಳ್ಳುತ್ತದೆ. ಹೀಗೆ ಕಡಿಮೆ ಅಕ್ಷಾಂಶ, ಹೆಚ್ಚು ರೇಖಾಂಶ ಇರುವ ಸಂಖ್ಯೆಯನ್ನು ಫೋನಿಗೆ ಕೊಟ್ಟರೆ ಅದು ಡಬ್ಲ್ಯೂಜಿಎಸ್ 84 ಅಂದುಕೊಂಡು ಆಗ್ನೇಯಕ್ಕೆ ಕರೆದೊಯ್ಯುತ್ತದೆ. ನಾವು ರಾಗಿ ಹೊಲದಲ್ಲಿ ನಿಂತದ್ದು ಹಾಗೆ.

ಕುಂಟೆಯ ಸಂಖ್ಯೆಯನ್ನು ಇಲ್ಲಿ ಕೊಡುವುದು ಬೇಡ. ಅದೇ ಹಾಳೆಯಲ್ಲಿ 13°20′ ಅಕ್ಷಾಂಶದ ಗೆರೆ, 77°35′ ರೇಖಾಂಶದ ಗೆರೆ ಕೂಡುವ ಜಾಗವೊಂದಿದೆ, ಅದಕ್ಕೇ ಲೆಕ್ಕ ಮಾಡಿ ತೋರಿಸುತ್ತೇನೆ. ಪ್ರೋಜ್ ಎಂಬ ಉಚಿತ ತಂತ್ರಾಂಶ ಇದ್ದರೆ ಒಂದು ಸಾಲು ಸಾಕು:

```
echo "77.5833333 13.3333333 0" | cs2cs \
  +proj=longlat +ellps=evrst56 +towgs84=295,736,257 \
  +to +proj=longlat +datum=WGS84
```

ಉತ್ತರವಾಗಿ ಬರುವುದು ಸುಮಾರು 77°34′55.7″ ಮತ್ತು 13°20′4.9″. ಮೂರನೆಯ ಸಂಖ್ಯೆ ಎತ್ತರದ್ದು, ಅದನ್ನು ಇಲ್ಲಿ ನಂಬಬೇಡಿ. ರೇಖಾಂಶ 4.3 ಸೆಕೆಂಡ್ ಇಳಿಯಿತು, ಅಕ್ಷಾಂಶ 4.9 ಸೆಕೆಂಡ್ ಏರಿತು. ಈ ಭಾಗದಲ್ಲಿ ಒಂದು ಸೆಕೆಂಡ್ ಅಂದರೆ ಮೂವತ್ತು ಮೀಟರ್ ಚಿಲ್ಲರೆ. ಪಶ್ಚಿಮಕ್ಕೆ 130 ಮೀಟರ್, ಉತ್ತರಕ್ಕೆ 152 ಮೀಟರ್, ಓರೆಯಾಗಿ 200 ಮೀಟರ್. ಅಜ್ಜ ಕೈ ಚಾಚಿದ ದಿಕ್ಕು, ನಾವು ನಡೆದ ದೂರ, ಎರಡೂ ಇದರಲ್ಲೇ ಬಂದವು.

ಈ 200ನ್ನು ಬಾಯಿಪಾಠ ಮಾಡಿಕೊಂಡು ಇಡೀ ರಾಜ್ಯಕ್ಕೆ ಹಾಕಲು ಹೋಗಬಾರದು. ಅದೇ ಸಂಖ್ಯೆಗಳಿಂದ ಕಾರವಾರಕ್ಕೆ ಲೆಕ್ಕ ಮಾಡಿದರೆ ಪಶ್ಚಿಮಕ್ಕೆ 83, ಉತ್ತರಕ್ಕೆ 138 ಮೀಟರ್ ಬರುತ್ತದೆ. ಬೀದರಿನಲ್ಲಿ ಪಶ್ಚಿಮಕ್ಕೆ 129, ಉತ್ತರಕ್ಕೆ 112. ಕಾರವಾರ 68 ಡಿಗ್ರಿಯ ಗೆರೆಗೆ ನಮಗಿಂತ ಹತ್ತಿರ, ಅದಕ್ಕೇ ಅಲ್ಲಿ ಪಕ್ಕಕ್ಕೆ ಸರಿಯುವುದು ಕಡಿಮೆ. ಕೋಲ್ಕತ್ತಾಗೆ ಹೋದರೆ ಪೂರ್ವ-ಪಶ್ಚಿಮದ ಸರಿತವೇ 270 ಮೀಟರ್ ದಾಟುತ್ತದೆ. ಆದರೆ ಒಂದೇ ಹಾಳೆಯೊಳಗೆ, ಹದಿನೈದು ನಿಮಿಷದ ಚೌಕದಲ್ಲಿ, ವ್ಯತ್ಯಾಸ ಮೂರು ನಾಲ್ಕು ಮೀಟರ್ ಮಾತ್ರ. ನಮ್ಮ ಎಲ್ಲ ಕುಂಟೆಗಳೂ ಒಂದೇ ಹಾಗೆ ತಪ್ಪಿದ್ದಕ್ಕೆ ಕಾರಣ ಅದು.

ಲೆಕ್ಕ ಸಿಕ್ಕಿತು ಅಂತ ಖುಷಿಪಟ್ಟು ಮುಂದಿನ ವಾರ ಹೋದರೆ ಇನ್ನೊಂದು ಎಡವಟ್ಟು. ನಮ್ಮಲ್ಲೊಬ್ಬರು ಬೇರೆಯವರಿಂದ ಪಡೆದ ಕುಂಟೆಗಳ ಕಡತವನ್ನೂ ಸೇರಿಸಿಕೊಂಡು ಎಲ್ಲದಕ್ಕೂ ಒಟ್ಟಿಗೆ ಈ ಪರಿವರ್ತನೆ ಹಾಕಿದ್ದರು. ಆ ಚುಕ್ಕೆಗಳು ಈಗ ನಿಜವಾದ ಜಾಗದಿಂದ ವಾಯವ್ಯಕ್ಕೆ ಇನ್ನೂರು ಮೀಟರ್ ಹೋಗಿ ಬಿದ್ದವು. ಆ ಕಡತ ಮೊದಲೇ ಡಬ್ಲ್ಯೂಜಿಎಸ್ 84ರಲ್ಲಿತ್ತು, ನಾವು ಇಲ್ಲದ ಕಾಯಿಲೆಗೆ ಔಷಧಿ ಕೊಟ್ಟಿದ್ದೆವು. ದೂರ ಅಷ್ಟೇ ಇದ್ದು ದಿಕ್ಕು ತಿರುಗುಮುರುಗಾದರೆ ಇದೇ ಆಗಿರುತ್ತದೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಹಳೆಯ ಹಾಳೆಯ ಸ್ಕ್ಯಾನ್ ಕೂರಿಸುವಾಗಲೂ ಇದೇ ಅಪಾಯವಿದೆ. ಮೂಲೆಗಳ ಸಂಖ್ಯೆಯನ್ನು ಹಾಳೆಯಿಂದ ನೋಡಿ ಬರೆದು, ನಿರ್ದೇಶಾಂಕ ಪದ್ಧತಿ ಅಂತ ಕೇಳಿದ ಕಡೆ ಅಭ್ಯಾಸಬಲದಿಂದ `EPSG:4326` ಒತ್ತಿದರೆ ಅದು ಡಬ್ಲ್ಯೂಜಿಎಸ್ 84 ಅಂತ ಸುಳ್ಳು ಹೇಳಿದ ಹಾಗೆ. ಹಾಳೆ ಅಂದವಾಗಿ ಕೂರುತ್ತದೆ, ತಪ್ಪಿನ ಅಂಕಿ ಸೊನ್ನೆಯ ಹತ್ತಿರ ತೋರಿಸುತ್ತದೆ, ಮತ್ತು ಇಡೀ ಹಾಳೆ ಇನ್ನೂರು ಮೀಟರ್ ಆಚೆ ಇರುತ್ತದೆ. ಆ ಅಂಕಿ ಮೂಲೆಗಳು ಒಂದಕ್ಕೊಂದು ಹೊಂದಿವೆ ಅನ್ನುತ್ತದೆಯೇ ಹೊರತು ನೆಲಕ್ಕೆ ಹೊಂದಿವೆ ಅನ್ನುವುದಿಲ್ಲ. ಹಾಳೆಯ ಮೇಲೆ ಉಪಗ್ರಹ ಚಿತ್ರ ಹಾಕಿ, ಹಳೆಯ ರಸ್ತೆ ಕೂಡುವ ಜಾಗವನ್ನೋ ದೊಡ್ಡ ಕೆರೆಯ ಏರಿಯ ತುದಿಯನ್ನೋ ಹೋಲಿಸಿ ನೋಡುವುದೊಂದೇ ಪರೀಕ್ಷೆ.

ಮೂರನೆಯ ಸಂಗತಿ ಇನ್ನೂ ಸೂಕ್ಷ್ಮ. ಹೆಚ್ಚಿನ ಚುಕ್ಕೆಗಳು ಸರಿಯಾದ ಮೇಲೂ ಒಂದು ಗುಂಪು ಮಾತ್ರ ಹತ್ತು ಮೀಟರಿನಷ್ಟು ಪೂರ್ವಕ್ಕೇ ಉಳಿದಿತ್ತು. ಹುಡುಕಿದಾಗ ತಿಳಿದದ್ದು, ಆ ಗುಂಪನ್ನು ಹಾಕಿದ ಕೈಜಿಪಿಎಸ್‌ನ ಡೇಟಮ್ ಪಟ್ಟಿಯಲ್ಲಿ 'ಇಂಡಿಯನ್' ಅಂತ ಶುರುವಾಗುವ ಮೊದಲ ಹೆಸರನ್ನೇ ಆರಿಸಿದ್ದರು, ಅದು ಬಾಂಗ್ಲಾದೇಶದ್ದು. ಅದಕ್ಕೆ ಸಂಖ್ಯೆಗಳು 282, 726, 254. ನಮ್ಮ ಜಾಗಕ್ಕೆ ಹಾಕಿದರೆ ಉತ್ತರಕ್ಕೆ ಸರಿಯಾಗಿಯೇ ತಳ್ಳುತ್ತದೆ, ಪಶ್ಚಿಮಕ್ಕೆ ಮಾತ್ರ 130ರ ಬದಲು 119 ಮೀಟರ್. ಬಾಂಗ್ಲಾದೇಶದ ಎಲಿಪ್ಸಾಯ್ಡ್‌ನ ತ್ರಿಜ್ಯವೂ ಬೇರೆ, 6377276.345. ಎವರೆಸ್ಟರ ಮೂಲ ಅಳತೆ ಅಡಿಯಲ್ಲಿತ್ತು, ಅದನ್ನು ಮೀಟರಿಗೆ ತರುವಾಗ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಗುಣಕ ಬಳಸಿದ್ದರಿಂದ ಒಂದೇ ಎಲಿಪ್ಸಾಯ್ಡ್‌ಗೆ ಹಲವು ತ್ರಿಜ್ಯಗಳಾಗಿ ಕುಳಿತಿವೆ. ಕೈಜಿಪಿಎಸ್‌ನಲ್ಲಿ ಡೇಟಮನ್ನು ನಾವೇ ತುಂಬುವ ಅವಕಾಶ ಇದ್ದರೆ ಐದು ಸಂಖ್ಯೆ ಕೇಳುತ್ತದೆ: 295, 736, 257, ತ್ರಿಜ್ಯದ ವ್ಯತ್ಯಾಸ 835.757, ಚಪ್ಪಟೆತನದ ವ್ಯತ್ಯಾಸ 0.28361368. ಕೊನೆಯದು ಹತ್ತು ಸಾವಿರದಿಂದ ಗುಣಿಸಿ ಬರೆದ ಸಂಖ್ಯೆ, ಸೊನ್ನೆ ಸೇರಿಸಲು ಹೋಗಬೇಡಿ.

ಇಷ್ಟಾದ ಮೇಲೆ ಉಳಿದ ತಪ್ಪು ಹತ್ತು ಹದಿನೈದು ಮೀಟರ್, ಅದಕ್ಕೆ ದಿಕ್ಕೂ ಇರಲಿಲ್ಲ. ಅದನ್ನು ಇನ್ನೂ ಇಳಿಸುವ ಆಸೆಯನ್ನು ನಾನು ಬಿಟ್ಟೆ. ಆ ಮೂರು ಸಂಖ್ಯೆಗಳನ್ನು ಪ್ರಕಟಿಸುವಾಗಲೇ ಒಂದೊಂದರಲ್ಲೂ ಹತ್ತರಿಂದ ಹದಿನೈದು ಮೀಟರ್ ಹೆಚ್ಚುಕಡಿಮೆ ಇರಬಹುದು ಎಂದು ಹೇಳಿದ್ದಾರೆ. ಬೆರಳೆಣಿಕೆಯ ಸ್ಥಾನಗಳಿಂದ ಇಡೀ ಉಪಖಂಡಕ್ಕೆ ತೆಗೆದ ಸರಾಸರಿ ಅದು. ಹಾಳೆಯ ಮೇಲೆ ಅರ್ಧ ಮಿಲಿಮೀಟರ್ ಗೆರೆಯೇ 25 ಮೀಟರ್ ನುಂಗುವಾಗ ಕುಂಟೆ ಹುಡುಕಲು ಇದು ಧಾರಾಳ ಸಾಕು. ಜಮೀನಿನ ಗಡಿ ಹಾಕಲು ಇದನ್ನು ಬಳಸುತ್ತೇನೆ ಅಂತ ಯಾರಾದರೂ ಹೊರಟರೆ ಮಾತ್ರ ಕೈಹಿಡಿದು ನಿಲ್ಲಿಸಬೇಕು. ಅಂಥ ಕೆಲಸಕ್ಕೆ ಆ ಜಾಗದಲ್ಲೇ ಎರಡೂ ಡೇಟಮ್‌ಗಳಲ್ಲಿ ಸ್ಥಾನ ಗೊತ್ತಿರುವ ಬಿಂದುಗಳನ್ನು ಹಿಡಿದು ಸ್ಥಳೀಯವಾಗಿ ಲೆಕ್ಕ ತೆಗೆಯಬೇಕು. ಇನ್ನು ನಮ್ಮ ಹಳ್ಳಿ ನಕ್ಷೆಗಳ ಮಾತೇ ಬೇರೆ. ಅವು ಸರಪಳಿ ಹಿಡಿದು ಅಳೆದವು, ಅವುಗಳಲ್ಲಿ ಅಕ್ಷಾಂಶ ರೇಖಾಂಶವೇ ಇಲ್ಲ. ಹಳ್ಳಿ ನಕ್ಷೆ ಉಪಗ್ರಹ ಚಿತ್ರಕ್ಕೆ ಕೂರುತ್ತಿಲ್ಲ ಅಂದರೆ ಡೇಟಮನ್ನು ಬೈಯುವಂತಿಲ್ಲ.

ಎತ್ತರದ ಬಗ್ಗೆಯೂ ಒಂದು ಗೊಂದಲ ಬಂತು. ಎಲಿಪ್ಸಾಯ್ಡ್ ಎತ್ತರ ತೋರಿಸುವ ಜಿಪಿಎಸ್ ಬೆಂಗಳೂರು ಸುತ್ತಮುತ್ತ ಟೋಪೋಶೀಟ್‌ಗಿಂತ 85 ಮೀಟರಿನಷ್ಟು ಕಡಿಮೆ ಹೇಳುತ್ತದೆ. ಇದಕ್ಕೂ ಎವರೆಸ್ಟಿಗೂ ಸಂಬಂಧವಿಲ್ಲ. ಟೋಪೋಶೀಟ್‌ನ ಎತ್ತರ ಸಮುದ್ರಮಟ್ಟದಿಂದ ಅಳೆದದ್ದು, ದಕ್ಷಿಣ ಭಾರತದಲ್ಲಿ ಆ ಮಟ್ಟವೇ ಜಾಗತಿಕ ಎಲಿಪ್ಸಾಯ್ಡ್‌ಗಿಂತ ಅಷ್ಟು ಕೆಳಗಿದೆ. ಮೇಲಿನ ಮೂರು ಸಂಖ್ಯೆಗಳಿಂದ ಅದನ್ನು ಸರಿಪಡಿಸಲು ಆಗುವುದಿಲ್ಲ.

ಹಳೆಯ ಹಾಳೆ ಎಷ್ಟು ಹಳೆಯದು ಅನ್ನುವುದೂ ಮುಖ್ಯ. ಇಪ್ಪತ್ತನೇ ಶತಮಾನದ ಆರಂಭಕ್ಕೂ ಹಿಂದಿನ ನಕ್ಷೆಗಳಲ್ಲಿ ಮದ್ರಾಸ್ ವೀಕ್ಷಣಾಲಯದ ರೇಖಾಂಶವನ್ನೇ ಸುಮಾರು ಎರಡೂವರೆ ನಿಮಿಷ ಹೆಚ್ಚಾಗಿ ಹಿಡಿದಿದ್ದರು. ಅಲ್ಲಿ ತಪ್ಪು ನಾಲ್ಕು ಕಿಲೋಮೀಟರಿಗೂ ಹೆಚ್ಚು. ಅಂಥ ನಕ್ಷೆ ಕೈಗೆ ಬಂದರೆ ಇನ್ನೂರು ಮೀಟರಿನ ಪರಿವರ್ತನೆ ಎಲ್ಲಿಗೂ ಸಾಲುವುದಿಲ್ಲ.

ಕೊನೆಗೆ ಹೊಸ ಸರಣಿಯ ಹಾಳೆಯನ್ನೂ ತರಿಸಿ ಪಕ್ಕದಲ್ಲಿಟ್ಟುಕೊಂಡೆವು. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗೆ ಬರುವ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯೂಜಿಎಸ್ 84ರಲ್ಲೇ ಇರುತ್ತವೆ, ಸಂಖ್ಯೆಯೂ ಬೇರೆ, ನಮ್ಮ ಭಾಗದ್ದು D43 ಅಂತ ಶುರುವಾಗುತ್ತದೆ. ನಮ್ಮ ಹಳೆಯ ಹಾಳೆಯ ಪ್ರತಿಯ ಅಂಚಿನಲ್ಲಿ ಡೇಟಮ್‌ನ ಹೆಸರೇ ಇರಲಿಲ್ಲ, ಹಾಗಾಗಿ 57 G/11 ತರಹದ ಸಂಖ್ಯೆ ಕಂಡ ಕೂಡಲೇ ಎವರೆಸ್ಟ್ ಅಂತ ಅನುಮಾನಿಸಿ ಪರೀಕ್ಷಿಸುವುದನ್ನು ರೂಢಿ ಮಾಡಿಕೊಂಡೆವು. ಎರಡೂ ಹಾಳೆಗಳ ಚೌಕಟ್ಟು ಅದೇ ಹದಿನೈದು ನಿಮಿಷದ್ದು, ಆದರೆ ಒಳಗೊಂಡ ನೆಲ ಒಂದೇ ಅಲ್ಲ. ಹಳೆಯ ಹಾಳೆಯ ಮೇಲಂಚಿನಲ್ಲಿದ್ದ ಸುಮಾರು 150 ಮೀಟರ್ ಅಗಲದ ಪಟ್ಟಿ ಹೊಸದರಲ್ಲಿ ಉತ್ತರದ ಹಾಳೆಗೆ ದಾಟಿದೆ. ನಮ್ಮ ಪಟ್ಟಿಯ ಒಂದು ಗೋಕಟ್ಟೆ ಆ ಪಟ್ಟಿಯಲ್ಲೇ ಇತ್ತು. ಹೊಸ ಹಾಳೆಯಲ್ಲಿ ಅದು ಕಾಣದೆ, ಒತ್ತುವರಿಯಾಗಿದೆ ಅಂತ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೆವು. ಪಕ್ಕದ ಹಾಳೆ ತೆಗೆದು ನೋಡಿದ ಮೇಲೆ ಆ ಸಾಲನ್ನು ಹೊಡೆದು ಹಾಕಿದೆವು. ಮಳೆಗಾಲದಲ್ಲಿ ಅದರಲ್ಲಿ ಈಗಲೂ ನೀರು ನಿಲ್ಲುತ್ತದಂತೆ.